ಮರಳಿ ಪಡೆದ ಕಡತಗಳ ವಿಚಿತ್ರ ಹೆಸರುಗಳು ಮತ್ತು ಕಾಣೆಯಾದ ಫೋಲ್ಡರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಫಾರ್ಮ್ಯಾಟ್ ಆದ ಮೆಮೊರಿ ಕಾರ್ಡಿನಿಂದ ಕಡತಗಳನ್ನು ಮರಳಿ ಪಡೆದವರು ಮೊದಲು ಸಂತೋಷಪಡುತ್ತಾರೆ, ಮರುಕ್ಷಣವೇ ಗಾಬರಿಗೊಳ್ಳುತ್ತಾರೆ. ಸಾವಿರಾರು ಚಿತ್ರಗಳು ಬಂದಿರುತ್ತವೆ, ಆದರೆ ಯಾವುದಕ್ಕೂ ಗುರುತಿನ ಹೆಸರಿಲ್ಲ, ತಾವು ಮಾಡಿಟ್ಟಿದ್ದ ಒಂದು ಫೋಲ್ಡರೂ ಇಲ್ಲ. ಹೀಗಾಗುವುದಕ್ಕೆ ಕಾರಣವನ್ನೂ ವಿಂಗಡಿಸುವ ಕ್ರಮವನ್ನೂ ಕ್ಯಾಮೆರಾದ 32 ಜಿಬಿ ಕಾರ್ಡೊಂದರ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

## ಚಿತ್ರ ಸರಿಯಾಗಿಯೇ ತೆರೆಯುತ್ತದೆ. ಆದರೆ ಅದರ ಹೆಸರು f0065536.jpg ಎಂದೇಕೆ ಬಂದಿದೆ?

ಕಡತದ ಹೆಸರು ಕಡತದ ಒಳಗೆ ಇರುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಕಾರ್ಡಿನಲ್ಲಿ ಚಿತ್ರದ ವಿಷಯ ಒಂದು ಜಾಗದಲ್ಲಿರುತ್ತದೆ. ಆ ಚಿತ್ರದ ಹೆಸರು, ಗಾತ್ರ, ಅದು ಎಲ್ಲಿಂದ ಆರಂಭವಾಗುತ್ತದೆ ಎಂಬ ವಿವರಗಳು ಬೇರೊಂದು ಜಾಗದಲ್ಲಿರುವ ಪಟ್ಟಿಯಲ್ಲಿರುತ್ತವೆ. 32 ಜಿಬಿವರೆಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32 ವ್ಯವಸ್ಥೆಯಲ್ಲಿ ಈ ಪಟ್ಟಿಯ ಒಂದೊಂದು ಸಾಲೂ ಕೇವಲ 32 ಬೈಟ್‌ಗಳಷ್ಟಿರುತ್ತದೆ. ಆ ಸಾಲು ಅಳಿಸಿಹೋದರೆ ಚಿತ್ರ ಉಳಿದರೂ ಹೆಸರು ಉಳಿಯುವುದಿಲ್ಲ.

ಫೋಟೊರೆಕ್‌ನಂತಹ ಉಪಕರಣಗಳು ಈ ಪಟ್ಟಿಯನ್ನು ನೋಡುವುದೇ ಇಲ್ಲ. ಅವು ಕಾರ್ಡಿನ ಮೊದಲಿನಿಂದ ಕೊನೆಯವರೆಗೆ ಓದುತ್ತ, ಜೆಪಿಇಜಿ ಚಿತ್ರ ಆರಂಭವಾಗುವಾಗ ಬರುವ FF D8 FF ಎಂಬಂತಹ ಗುರುತುಗಳನ್ನು ಹುಡುಕಿ, ಅಲ್ಲಿಂದ ಚಿತ್ರ ಮುಗಿಯುವವರೆಗಿನ ಭಾಗವನ್ನು ಎತ್ತಿಕೊಳ್ಳುತ್ತವೆ. ಹೀಗೆ ಎತ್ತಿದ ಕಡತಕ್ಕೆ ಹೆಸರೊಂದನ್ನು ಕೊಡಲೇಬೇಕಾದ್ದರಿಂದ ಅದು ಸಿಕ್ಕ ಜಾಗದ ಸಂಖ್ಯೆಯನ್ನೇ ಹೆಸರಾಗಿ ಇಡುತ್ತವೆ. ಹಾಗೆಯೇ recup_dir.1, recup_dir.2 ಎಂಬ ಫೋಲ್ಡರ್‌ಗಳು ನಿಮ್ಮ ಹಳೆಯ ಫೋಲ್ಡರ್‌ಗಳಲ್ಲ. ಒಂದರಲ್ಲೇ ಎಲ್ಲವೂ ತುಂಬಿಕೊಳ್ಳದಿರಲಿ ಎಂದು ಸುಮಾರು 500 ಕಡತಗಳಿಗೊಂದರಂತೆ ಉಪಕರಣವೇ ಮಾಡಿದ ಚೀಲಗಳು ಅವು.

## ಆ ಅಂಕಿಗಳಿಗೆ ಏನಾದರೂ ಅರ್ಥವಿದೆಯೇ, ಅಥವಾ ಅಳಿಸಿ ಹೊಸ ಹೆಸರಿಡಬಹುದೇ?

ಅರ್ಥವಿದೆ, ಆದ್ದರಿಂದ ದಯವಿಟ್ಟು ಅಳಿಸಬೇಡಿ. ಆ ಸಂಖ್ಯೆ ಕಡತ ಆರಂಭವಾಗುವ ಸೆಕ್ಟರ್‌ನದು, ಮತ್ತು ಒಂದು ಸೆಕ್ಟರ್ ಸಾಮಾನ್ಯವಾಗಿ 512 ಬೈಟ್‌ಗಳಷ್ಟಿರುತ್ತದೆ. 65,536ನ್ನು 512ರಿಂದ ಗುಣಿಸಿದರೆ 3,35,54,432 ಬೈಟ್ ಬರುತ್ತದೆ, ಅಂದರೆ f0065536.jpg ಎಂಬ ಚಿತ್ರವು ಆರಂಭದಿಂದ ಸರಿಯಾಗಿ 32 ಎಂಬಿ ದೂರದಲ್ಲಿತ್ತು. ಖಾಲಿ ಕಾರ್ಡನ್ನು ಕ್ಯಾಮೆರಾ ಸಾಮಾನ್ಯವಾಗಿ ಮೊದಲಿನಿಂದ ಕ್ರಮವಾಗಿ ತುಂಬುತ್ತ ಹೋಗುವುದರಿಂದ, ಒಂದೇ ಸಮಾರಂಭದ ಚಿತ್ರಗಳಲ್ಲಿ ಚಿಕ್ಕ ಸಂಖ್ಯೆಯದು ಮೊದಲು ತೆಗೆದದ್ದು, ದೊಡ್ಡ ಸಂಖ್ಯೆಯದು ಆಮೇಲೆ ತೆಗೆದದ್ದು ಎಂದು ಬಹುಮಟ್ಟಿಗೆ ನಂಬಬಹುದು. ದಿನಾಂಕವೇ ಇಲ್ಲದ ಚಿತ್ರ ಯಾವ ಗುಂಪಿಗೆ ಸೇರಿದ್ದೆಂದು ಪತ್ತೆಮಾಡಲು ಕೊನೆಗೆ ಉಳಿಯುವ ಸುಳಿವು ಇದೊಂದೇ.

ಮೊದಲ ಅಕ್ಷರಕ್ಕೂ ಅರ್ಥವಿದೆ. f ಇದ್ದರೆ ಅದು ಪೂರ್ಣ ಕಡತವೆಂದು ಉಪಕರಣ ಭಾವಿಸಿದೆ. t ಇದ್ದರೆ ಅದು ದೊಡ್ಡ ಚಿತ್ರದ ಒಳಗೆ ಹುದುಗಿದ್ದ, ಕ್ಯಾಮೆರಾದ ಪರದೆಯಲ್ಲಿ ಬೇಗ ತೋರಿಸಲೆಂದು ಮಾಡಿದ ಪುಟ್ಟ ಪ್ರತಿ. b ಇದ್ದರೆ ಅದು ಹಾಳಾದದ್ದು. ಹಾಳಾದ ಕಡತಗಳನ್ನೂ ಉಳಿಸಿಕೊಳ್ಳಲು ನೀವು ಹೇಳಿದ್ದರೆ ಮಾತ್ರ ಇದು ಬರುತ್ತದೆ.

## ಚಿತ್ರಗಳೆಲ್ಲ ಉಳಿದಿರುವಾಗ ಫೋಲ್ಡರ್‌ಗಳು ಮಾತ್ರ ಪೂರ್ತಿ ಹೋಗುವುದೇಕೆ?

ಫೋಲ್ಡರ್ ಎಂಬುದು ಹೆಸರುಗಳ ಪಟ್ಟಿಯೇ ಹೊರತು ಬೇರೇನಲ್ಲ. ಒಂದು ಫೋಲ್ಡರಿನ ಹೆಸರು ಆ ಫೋಲ್ಡರಿನ ಪಟ್ಟಿಯಲ್ಲಿ ಬರೆದಿರುವುದಿಲ್ಲ, ಅದನ್ನು ಒಳಗೊಂಡಿರುವ ಮೇಲಿನ ಫೋಲ್ಡರಿನ ಪಟ್ಟಿಯಲ್ಲಿ ಬರೆದಿರುತ್ತದೆ. ಫ್ಯಾಟ್32ರಲ್ಲಿ ಪ್ರತಿ ಒಳ ಫೋಲ್ಡರಿನ ಮೊದಲೆರಡು ಸಾಲುಗಳು ತಾನು ಯಾವ ಜಾಗದಲ್ಲಿದ್ದೇನೆ, ತನ್ನ ಮೇಲಿನದು ಯಾವ ಜಾಗದಲ್ಲಿದೆ ಎಂಬುದನ್ನು ಸಂಖ್ಯೆಯಲ್ಲಿ ಮಾತ್ರ ಹೇಳುತ್ತವೆ. ಹಾಗಾಗಿ ಮೇಲಿನ ಪಟ್ಟಿ ಅಳಿಸಿ ಒಳಗಿನದು ಉಳಿದಿದ್ದರೆ, ಕೆಲವು ಉಪಕರಣಗಳು ಕಡತಗಳನ್ನು ಸರಿಯಾದ ಹೆಸರಿನಲ್ಲೇ ಕೊಟ್ಟು, ಫೋಲ್ಡರಿಗೆ ಮಾತ್ರ ಒಂದು ಸಂಖ್ಯೆಯನ್ನು ಹೆಸರಾಗಿ ಕೊಡುತ್ತವೆ. ವಿಂಡೋಸ್ ಡಿಸ್ಕುಗಳ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಏರ್ಪಾಡು ಬೇರೆ. ಅಲ್ಲಿ ಪ್ರತಿ ಕಡತದ ದಾಖಲೆಯಲ್ಲಿ ಅದರ ಹೆಸರೂ ಮೇಲಿನ ಫೋಲ್ಡರಿನ ದಾಖಲೆ ಸಂಖ್ಯೆಯೂ ಇರುವುದರಿಂದ ಹೆಸರು ಉಳಿಯುವ ಸಂಭವ ಹೆಚ್ಚು. ಆದರೂ ಮೇಲಿನ ಫೋಲ್ಡರಿನ ದಾಖಲೆಯ ಜಾಗವನ್ನು ಬೇರೆ ಕಡತ ಬಳಸಿಕೊಂಡಿದ್ದರೆ, ಅದರೊಳಗಿದ್ದ ಕಡತಗಳು ಹೆಸರಿದ್ದೂ ಮನೆಯಿಲ್ಲದವುಗಳಾಗುತ್ತವೆ.

ಕ್ಯಾಮೆರಾದ ಕಾರ್ಡಿನಲ್ಲಿ ನಷ್ಟ ಇದಕ್ಕಿಂತ ಹೆಚ್ಚಾಗುವುದಕ್ಕೆ ಒಂದು ವಿಶೇಷ ಕಾರಣವಿದೆ. ಫಾರ್ಮ್ಯಾಟ್ ಆದ ಮೇಲೆ ಕ್ಯಾಮೆರಾ DCIM ಎಂಬ ಫೋಲ್ಡರನ್ನೂ ಅದರೊಳಗೆ 100ರಿಂದ ಆರಂಭವಾಗುವ ಹೆಸರಿನ ಮತ್ತೊಂದನ್ನೂ ಹೊಸದಾಗಿ ಮಾಡುತ್ತದೆ. ಹಿಂದಿನ ಸಲವೂ ಇದೇ ಕ್ರಮದಲ್ಲಿ ಮಾಡಿದ್ದರಿಂದ, ಹೊಸ ಪಟ್ಟಿಗಳು ಬಹುತೇಕ ಹಳೆಯ ಪಟ್ಟಿಗಳ ಜಾಗದಲ್ಲೇ ಕುಳಿತುಕೊಳ್ಳುತ್ತವೆ. ಹೊಸ ಫೋಲ್ಡರಿಗೆ ಕೊಟ್ಟ ಜಾಗವನ್ನು ಮೊದಲು ಪೂರ್ತಿ ಸೊನ್ನೆಗಳಿಂದ ತುಂಬಬೇಕೆಂಬುದು ನಿಯಮ. ಜಾಗದ ಒಂದು ತುಂಡು, ಅಂದರೆ ಕ್ಲಸ್ಟರ್, 32 ಕೆಬಿ ಇದ್ದರೆ ಅದರಲ್ಲಿ 32 ಬೈಟ್‌ಗಳ 1,024 ಸಾಲುಗಳು ಹಿಡಿಯುತ್ತವೆ. ಹೀಗೆ, ಫಾರ್ಮ್ಯಾಟ್ ಆದ ಮೇಲೆ ತೆಗೆದ ಒಂದೇ ಒಂದು ಚಿತ್ರ, ಹಳೆಯ ಚಿತ್ರಗಳಲ್ಲಿ ಒಂದೆರಡನ್ನು ಮಾತ್ರ ನುಂಗಿದರೂ, ಸಾವಿರದಷ್ಟು ಹೆಸರುಗಳನ್ನು ಒಮ್ಮೆಲೇ ಅಳಿಸಿಬಿಡಬಹುದು.

## ಕೆಲವು ಕಡತಗಳ ಹೆಸರು _MG_0412.JPG ಎಂದು ಮೊದಲಕ್ಷರವಿಲ್ಲದೆ ಬಂದಿದೆ. ಏಕೆ?

ಇದು ಫಾರ್ಮ್ಯಾಟ್ ಆದದ್ದಲ್ಲ, ಅಳಿಸಿದ್ದು. ಫ್ಯಾಟ್32ರಲ್ಲಿ ಕಡತವನ್ನು ಅಳಿಸಿದಾಗ ಅದರ ಸಾಲಿನ ಮೊದಲ ಬೈಟನ್ನು 0xE5 ಎಂದು ಬದಲಿಸಲಾಗುತ್ತದೆ, ಹೆಸರಿನ ಉಳಿದ ಅಕ್ಷರಗಳು ಹಾಗೆಯೇ ಇರುತ್ತವೆ. ಮೊದಲಕ್ಷರ ಇದ್ದದ್ದೇ ಆ ಬೈಟಿನಲ್ಲಿ. ಕ್ಯಾಮೆರಾದ ಕಡತಗಳಾದರೆ ಅದು I ಎಂದು ಸುಲಭವಾಗಿ ಊಹಿಸಿ ತುಂಬಬಹುದು. ಇಂತಹ ಹೆಸರುಗಳು ಕಂಡರೆ ಪಟ್ಟಿ ಇನ್ನೂ ಉಳಿದಿದೆ ಎಂದರ್ಥ, ಆದ್ದರಿಂದ ಹೆಸರಿಲ್ಲದೆ ಎತ್ತುವ ದಾರಿಗೆ ಇಳಿಯುವ ಅಗತ್ಯವೇ ಬಾರದಿರಬಹುದು.

## ಹೆಸರುಗಳ ಸಮೇತ ಪಡೆಯುವ ಅವಕಾಶವಿದೆಯೇ ಎಂದು ಮೊದಲು ನೋಡುವುದು ಹೇಗೆ?

ಎರಡು ದಾರಿಗಳಿವೆ, ಅವುಗಳ ಕ್ರಮ ಮುಖ್ಯ. ಅನೇಕರು ಮೊದಲೇ ಫೋಟೊರೆಕ್ ಓಡಿಸಿ, ಹೆಸರಿಲ್ಲದ ರಾಶಿಯನ್ನು ಕಂಡು, ಅದೇ ಅಂತಿಮವೆಂದುಕೊಳ್ಳುತ್ತಾರೆ. ಅದು ಎರಡನೆಯ ದಾರಿಯಾಗಬೇಕು. ಯಾವುದಕ್ಕೂ ಮೊದಲು ಇಡೀ ಕಾರ್ಡಿನ ಪ್ರತಿಯನ್ನು ಕಂಪ್ಯೂಟರಿನಲ್ಲಿ ಒಂದೇ ಕಡತವಾಗಿ ಮಾಡಿಕೊಂಡು, ಮುಂದಿನ ಎಲ್ಲ ಪ್ರಯತ್ನವನ್ನೂ ಆ ಪ್ರತಿಯ ಮೇಲೆಯೇ ಮಾಡಬೇಕು. ಲಿನಕ್ಸ್‌ನಲ್ಲಿ ಹೀಗೆ:

```
sudo ddrescue /dev/sdb card.img card.map
testdisk card.img
photorec card.img
```

ಇಲ್ಲಿ /dev/sdb ಎಂಬುದು ನಿಮ್ಮ ಕಂಪ್ಯೂಟರಿನಲ್ಲಿ ಬೇರೆಯಾಗಿರಬಹುದು, ಆದ್ದರಿಂದ lsblk ಆದೇಶದಿಂದ ಗಾತ್ರವನ್ನು ನೋಡಿ ಖಚಿತಪಡಿಸಿಕೊಳ್ಳಿ. ಟೆಸ್ಟ್‌ಡಿಸ್ಕ್ ಅಳಿಸಿದ ಕಡತಗಳ ಪಟ್ಟಿಯನ್ನು ಓದಿ ಹೆಸರು ಸಮೇತ ತೋರಿಸುತ್ತದೆ. ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಉಳಿದಿರಬಹುದಾದ ಹಳೆಯ ಒಳ ಫೋಲ್ಡರ್‌ಗಳನ್ನು ಹುಡುಕಲು ಡಿಎಮ್‌ಡಿಇಯಂತಹ ಉಪಕರಣದ ಪೂರ್ಣ ಶೋಧ ಬೇಕಾಗುತ್ತದೆ. ಇವೆರಡರಲ್ಲೂ ಏನೂ ಕಾಣದಿದ್ದರೆ ಮಾತ್ರ ಫೋಟೊರೆಕ್‌ಗೆ ಬನ್ನಿ, ಮತ್ತು ಸಿಕ್ಕದ್ದನ್ನು ಅದೇ ಕಾರ್ಡಿಗೆ ಎಂದಿಗೂ ಬರೆಯಬೇಡಿ.

## ಹೆಸರಿಲ್ಲದ ರಾಶಿಯೇ ಗತಿಯಾದರೆ ಎಲ್ಲಿಂದ ಆರಂಭಿಸಬೇಕು?

ನಾನು ವಿಂಗಡಿಸಿದ ಒಂದು ಕಾರ್ಡಿನ ವಿವರವನ್ನೇ ಹೇಳುತ್ತೇನೆ. ಬಂಧುಗಳ ಮನೆಯ ಗೃಹಪ್ರವೇಶದ ಚಿತ್ರಗಳಿದ್ದ 32 ಜಿಬಿ ಕಾರ್ಡು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಆಗಿತ್ತು, ಆಮೇಲೆ ಆರು ಹೊಸ ಚಿತ್ರಗಳನ್ನೂ ತೆಗೆದಿದ್ದರು. ಹೆಸರುಗಳ ಪಟ್ಟಿ ಮೇಲೆ ಹೇಳಿದಂತೆ ಪೂರ್ತಿ ಅಳಿಸಿತ್ತು. ಫೋಟೊರೆಕ್ ಒಟ್ಟು 2,316 ಕಡತಗಳನ್ನು ಕೊಟ್ಟಿತು. ಸಮಾರಂಭದಲ್ಲಿ ತೆಗೆದದ್ದು ನಾಲ್ಕುನೂರರಷ್ಟು ಎಂದು ಮನೆಯವರಿಗೆ ನೆನಪಿತ್ತು. ಉಳಿದವು ಎಲ್ಲಿಂದ ಬಂದವು ಎಂದು ಅವರು ಬೆರಗಾದದ್ದು ಸಹಜ.

ಮೊದಲು t ಅಕ್ಷರದಿಂದ ಆರಂಭವಾಗುವ ಪುಟ್ಟ ಪ್ರತಿಗಳನ್ನು ಬೇರೆ ಮಾಡಿದೆ. ಅವು 1,038 ಇದ್ದವು. ಅವನ್ನು ಅಳಿಸಲಿಲ್ಲ, ಅದರ ಉಪಯೋಗ ಮುಂದೆ ಬರುತ್ತದೆ.

```
mkdir thumbs
mv recup_dir.*/t*.jpg thumbs/
```

ಉಳಿದ 1,278ರಲ್ಲಿ 1,104 ಜೆಪಿಇಜಿ ಚಿತ್ರಗಳು, 96 ವಿಡಿಯೊಗಳು, 78 ಇತರೆ ಕಡತಗಳಿದ್ದವು. ಕ್ಯಾಮೆರಾ ಪ್ರತಿ ಚಿತ್ರದ ಒಳಗೆ ತೆಗೆದ ದಿನ ಮತ್ತು ಗಳಿಗೆಯನ್ನು ಎಕ್ಸಿಫ್ ಎಂಬ ಭಾಗದಲ್ಲಿ ಬರೆದಿಡುತ್ತದೆ. ಇದು ಕಡತದೊಳಗೇ ಇರುವುದರಿಂದ ಹೆಸರಿನೊಂದಿಗೆ ಕಳೆದುಹೋಗುವುದಿಲ್ಲ. ಕಡತದ ಹೊರಗೆ ಕಾಣುವ ದಿನಾಂಕವನ್ನು ಮಾತ್ರ ನಂಬಬಾರದು, ಏಕೆಂದರೆ ಅನೇಕ ಬಗೆಯ ಕಡತಗಳಲ್ಲಿ ಅದು ನೀವು ಮರಳಿ ಪಡೆದ ದಿನವಾಗಿರುತ್ತದೆ. ಒಳಗಿನ ದಿನಾಂಕವನ್ನು ಓದಿ, ದಿನಕ್ಕೊಂದು ಫೋಲ್ಡರ್ ಮಾಡಿ, ಪ್ರತಿಗಳನ್ನು ಅಲ್ಲಿಗೆ ಹಾಕುವ ಕೆಲಸವನ್ನು ಎಕ್ಸಿಫ್‌ಟೂಲ್ ಒಂದೇ ಸಲಕ್ಕೆ ಮಾಡುತ್ತದೆ:

```
exiftool -if '$DateTimeOriginal' -o . \
 '-FileName<DateTimeOriginal' \
 -d 'sorted/%Y-%m-%d/%Y%m%d_%H%M%S_%%f.%%e' \
 recup_dir.*
```

ಇಲ್ಲಿ `-o .` ಇರುವುದರಿಂದ ಮೂಲ ರಾಶಿ ಅಲುಗದೆ ಪ್ರತಿಗಳು ಮಾತ್ರ ಆಗುತ್ತವೆ. `%%f` ಇರುವುದರಿಂದ ಹಳೆಯ f-ಸಂಖ್ಯೆ ಹೊಸ ಹೆಸರಿನ ಕೊನೆಯಲ್ಲಿ ಉಳಿದುಕೊಳ್ಳುತ್ತದೆ, ಮತ್ತು ಒಂದೇ ಕ್ಷಣದಲ್ಲಿ ತೆಗೆದ ಎರಡು ಚಿತ್ರಗಳ ಹೆಸರು ಒಂದೇ ಆಗುವುದಿಲ್ಲ. ವಿಂಡೋಸ್‌ನಲ್ಲಿ ಒಂಟಿ ಉದ್ಧರಣ ಚಿಹ್ನೆಗಳ ಬದಲು ಜೋಡಿ ಚಿಹ್ನೆಗಳನ್ನು ಬಳಸಿ, ಇಡೀ ಆದೇಶವನ್ನು ಒಂದೇ ಸಾಲಿನಲ್ಲಿ ಬರೆಯಬೇಕು.

ಇದಾದ ಮೇಲೆ ಬೆರಗು ತಾನಾಗಿಯೇ ಬಗೆಹರಿಯಿತು. ಗೃಹಪ್ರವೇಶದ ದಿನದ ಫೋಲ್ಡರಿನಲ್ಲಿ 412 ಚಿತ್ರಗಳಿದ್ದವು, ಅವುಗಳ f-ಸಂಖ್ಯೆಗಳೆಲ್ಲ ಚಿಕ್ಕವು. ದೊಡ್ಡ f-ಸಂಖ್ಯೆಯ ಚಿತ್ರಗಳು ಅದಕ್ಕೂ ಹಿಂದಿನ ಪ್ರವಾಸಗಳವು. ಕಾರ್ಡನ್ನು ಹಿಂದೆಯೂ ಫಾರ್ಮ್ಯಾಟ್ ಮಾಡಿದ್ದರು, ಆದರೆ ಆಮೇಲಿನ ಚಿತ್ರಗಳು ಮುಂಭಾಗವನ್ನು ಮಾತ್ರ ತುಂಬಿದ್ದರಿಂದ ಹಿಂಭಾಗದಲ್ಲಿದ್ದ ಹಳೆಯವು ಹಾಗೆಯೇ ಉಳಿದಿದ್ದವು. ಕಾರ್ಡನ್ನು ಬೇರೆಯವರಿಗೆ ಕೊಡುವವರು ಇದನ್ನು ನೆನಪಿಡುವುದು ಒಳ್ಳೆಯದು.

## ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರಗಳಿಗೆ ದಿನಾಂಕವೇ ಸಿಗುತ್ತಿಲ್ಲವಲ್ಲ?

ಮೇಲಿನ ಕಾರ್ಡಿನಲ್ಲೂ 66 ಚಿತ್ರಗಳು ದಿನಾಂಕವಿಲ್ಲದೆ ಉಳಿದವು. ಆ ಕಾರ್ಡು ಕೆಲವು ಕಾಲ ಫೋನಿನಲ್ಲಿತ್ತು. ವಾಟ್ಸ್ಆ್ಯಪ್ ಚಿತ್ರವನ್ನು ಕಳಿಸುವಾಗ ಅದನ್ನು ಕುಗ್ಗಿಸಿ ಎಕ್ಸಿಫ್ ಭಾಗವನ್ನು ತೆಗೆದುಹಾಕುತ್ತದೆ. IMG-20180506-WA0007.jpg ಎಂಬಂತಹ ಹೆಸರಿನಲ್ಲಿ ಮಾತ್ರ ದಿನಾಂಕ ಉಳಿದಿರುತ್ತದೆ. ಹೆಸರು ಹೋದರೆ ದಿನಾಂಕವೂ ಹೋಯಿತು. ಬೇರೆ ಯಾವ ಬಗೆಯ ಕಡತಕ್ಕಿಂತಲೂ ಹೆಸರಿನ ನಷ್ಟ ಇವುಗಳಿಗೆ ಹೆಚ್ಚು ತಟ್ಟುತ್ತದೆ, ಮತ್ತು ಈಗ ನಮ್ಮ ಮನೆಗಳಲ್ಲಿ ಹಿರಿಯರ ಎಷ್ಟೋ ಚಿತ್ರಗಳು ಈ ರೂಪದಲ್ಲಿ ಮಾತ್ರ ಇವೆ ಎಂಬುದನ್ನು ನೆನೆದಾಗ ನನಗೆ ನೋವಾಗುತ್ತದೆ.

ಇವನ್ನು ಮೊದಲು f-ಸಂಖ್ಯೆಯ ಕ್ರಮದಲ್ಲಿ ಜೋಡಿಸಿ. ಪ್ರತಿ ಚಿತ್ರದ ಹಿಂದೆ ಮತ್ತು ಮುಂದೆ ಇರುವ, ದಿನಾಂಕ ಗೊತ್ತಿರುವ ಕಡತಗಳು ಯಾವುವೆಂದು ನೋಡಿ. ಎರಡೂ ಒಂದೇ ವಾರದವಾಗಿದ್ದರೆ ನಡುವಿನದೂ ಆ ವಾರದಲ್ಲಿ ಕಾರ್ಡಿಗೆ ಬಂದಿರುವ ಸಂಭವ ಹೆಚ್ಚು. ಅದು ಚಿತ್ರ ಬಂದ ದಿನವೇ ಹೊರತು ತೆಗೆದ ದಿನವಲ್ಲ. ಬಹಳ ಸಲ ಅಳಿಸಿ ತುಂಬಿದ ಕಾರ್ಡಿನಲ್ಲಿ ಖಾಲಿ ಜಾಗಗಳು ಚದುರಿರುವುದರಿಂದ ನೆರೆಹೊರೆಯ ಈ ಸಾಕ್ಷ್ಯ ದುರ್ಬಲವಾಗುತ್ತದೆ. ಅಕ್ಕಪಕ್ಕದ ದಿನಾಂಕಗಳು ಹಿಂದುಮುಂದಾಗಿ ಜಿಗಿಯುತ್ತಿದ್ದರೆ ಅದೇ ಅದರ ಲಕ್ಷಣ. ಅಂತಹವನ್ನು "ದಿನಾಂಕ ತಿಳಿಯದು" ಎಂಬ ಫೋಲ್ಡರಿನಲ್ಲಿಡುವುದು ತಪ್ಪು ದಿನಾಂಕ ಕೊಡುವುದಕ್ಕಿಂತ ಮೇಲು.

## ವಿಡಿಯೊಗಳ ಸಮಯ ಐದೂವರೆ ಗಂಟೆ ಹಿಂದೆ ತೋರಿಸುತ್ತಿದೆ. ಇದು ಕೆಟ್ಟಿದೆಯೇ?

ಕೆಟ್ಟಿಲ್ಲ. ಎಂಪಿ4 ವಿಡಿಯೊದ ಒಳಗಿನ CreateDate ನಿಯಮದಂತೆ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರಬೇಕು, ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಆದರೆ ಅನೇಕ ಕ್ಯಾಮೆರಾಗಳು ನಿಯಮ ಬಿಟ್ಟು ಸ್ಥಳೀಯ ಸಮಯವನ್ನೇ ಬರೆಯುತ್ತವೆ. ಒಂದೇ ಸನ್ನಿವೇಶದ ಚಿತ್ರ ಮತ್ತು ವಿಡಿಯೊ ಎರಡನ್ನೂ ಹೋಲಿಸಿ ನೋಡಿದ ಮೇಲೆಯೇ ಸಮಯವನ್ನು ಸರಿಸಬೇಕು.

## ಕನ್ನಡದಲ್ಲಿ ಬರೆದ ದಾಖಲೆಗಳನ್ನು ಹೆಸರಿಲ್ಲದ ರಾಶಿಯಲ್ಲಿ ಹುಡುಕುವುದು ಹೇಗೆ?

ವರ್ಡ್ ಮತ್ತು ಪಿಡಿಎಫ್ ಕಡತಗಳೊಳಗೆ ಶೀರ್ಷಿಕೆ, ಬರೆದವರ ಹೆಸರು, ಕೊನೆಯ ಬಾರಿ ಉಳಿಸಿದ ದಿನ ಇರಬಹುದು, ಎಕ್ಸಿಫ್‌ಟೂಲ್ ಅವನ್ನೂ ಓದುತ್ತದೆ. ಶೀರ್ಷಿಕೆ ಸಿಕ್ಕರೆ ಫೋಟೊರೆಕ್ ತಾನೇ ಅದನ್ನು f-ಸಂಖ್ಯೆಯ ಜೊತೆ ಸೇರಿಸುವುದೂ ಉಂಟು. ಆದರೆ ಹಳೆಯ ಮಾದರಿ ಕಡತವೊಂದನ್ನೇ ತಿದ್ದಿ ತಿದ್ದಿ ಬಳಸುವ ಅಭ್ಯಾಸ ಇರುವಲ್ಲಿ, ಹತ್ತು ಬೇರೆ ಬೇರೆ ಪತ್ರಗಳಿಗೆ ಒಂದೇ ಶೀರ್ಷಿಕೆ ಇರುತ್ತದೆ. ಆದ್ದರಿಂದ ಅದನ್ನು ಹೆಸರಾಗಿ ಇಡುವ ಮುನ್ನ ಕಡತವನ್ನು ತೆರೆದು ನೋಡಬೇಕು.

ಒಳಗಿನ ಪದಗಳಿಂದ ಹುಡುಕುವಾಗ ಕನ್ನಡಿಗರಿಗೆ ಎದುರಾಗುವ ತೊಡಕೊಂದಿದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದ ದಾಖಲೆಯಲ್ಲಿ "ಕನ್ನಡ" ಎಂಬ ಪದ ಯೂನಿಕೋಡ್ ಅಕ್ಷರಗಳಾಗಿ ಇರುವುದೇ ಇಲ್ಲ. ಅದು `PÀ£ÀßqÀ` ಎಂದು ಇರುತ್ತದೆ, ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಮರಳಿ ಪಡೆದ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರು, ಇಂತಹ ಅಕ್ಷರಗಳನ್ನು ಕಂಡು, ಕಡತ ಹಾಳಾಗಿದೆ ಎಂದು ಅಳಿಸಿದ್ದನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. À, É, ß ಇಂತಹ ಚಿಹ್ನೆಗಳು ಪುಟದ ತುಂಬ ಕ್ರಮವಾಗಿ ಮರುಕಳಿಸುತ್ತಿದ್ದು, ಪದಗಳ ನಡುವೆ ಅಂತರವೂ ಪ್ಯಾರಾಗಳೂ ಸರಿಯಾಗಿದ್ದರೆ ಅದು ಸುರಕ್ಷಿತವಾಗಿರುವ ನುಡಿ ದಾಖಲೆಯೇ ಆಗಿರುವ ಸಂಭವ ಬಹಳ. ಹುಡುಕುವಾಗ ಬೇಕಾದ ಪದವನ್ನು ಯೂನಿಕೋಡ್‌ನಲ್ಲಿ ಒಮ್ಮೆ, ಆಸ್ಕಿಗೆ ಪರಿವರ್ತಿಸಿ ಇನ್ನೊಮ್ಮೆ, ಹೀಗೆ ಎರಡು ಬಾರಿ ಹುಡುಕಬೇಕು.

## ಚಿತ್ರದ ಅರ್ಧ ಭಾಗ ಬೂದು ಬಣ್ಣವಾಗಿದೆ. ಸರಿಯಾಗುತ್ತದೆಯೇ?

ಹೆಸರಿಲ್ಲದೆ ಎತ್ತುವ ಉಪಕರಣವು ಕಡತ ಒಂದೇ ಕಡೆ ಸಾಲಾಗಿದೆ ಎಂಬ ನಂಬಿಕೆಯಿಂದ ಓದುತ್ತದೆ. ಕಡತ ಎರಡು ಕಡೆ ಹಂಚಿಹೋಗಿದ್ದರೆ, ಅಥವಾ ಅದರ ಹಿಂಭಾಗದ ಮೇಲೆ ಹೊಸದು ಬರೆದಿದ್ದರೆ, ಮೇಲರ್ಧ ಸರಿಯಾಗಿದ್ದು ಕೆಳಗೆ ಬೂದು ಬಣ್ಣವೋ ಬೇರೆ ಚಿತ್ರದ ತುಣುಕೋ ಬರುತ್ತದೆ. ಮೇಲೆ ಹೊಸದು ಬರೆದಿದ್ದರೆ ಆ ಭಾಗ ಮರಳುವುದಿಲ್ಲ. ಆಗ ನೆರವಾಗುವುದು t ಕಡತ: ಪುಟ್ಟ ಪ್ರತಿ ಚಿತ್ರದ ಆರಂಭದಲ್ಲೇ ಇರುವುದರಿಂದ ಅದು ಉಳಿದಿರುತ್ತದೆ, ಚಿಕ್ಕದಾದರೂ ಇಡೀ ದೃಶ್ಯವನ್ನು ತೋರಿಸುತ್ತದೆ. ಬಹಳ ಚಿತ್ರಗಳಿದ್ದರೆ `jpeginfo -c` ಆದೇಶ ಹಾಳಾದವನ್ನು ಗುರುತಿಸಿಕೊಡುತ್ತದೆ.

## FOUND.000 ಮತ್ತು lost+found ಎಂಬವೂ ಇದೇ ಬಗೆಯವೇ?

ಕಾರಣ ಒಂದೇ, ಉಪಕರಣ ಬೇರೆ. ವಿಂಡೋಸ್‌ನ ಚೆಕ್‌ಡಿಸ್ಕ್ ಯಾವ ಪಟ್ಟಿಗೂ ಸೇರದ ತುಂಡುಗಳನ್ನು FOUND.000 ಒಳಗೆ FILE0000.CHK ಎಂಬಂತೆ ಇಡುತ್ತದೆ, ಅದಕ್ಕೆ ಸರಿಯಾದ ವಿಸ್ತರಣೆಯೂ ಇರುವುದಿಲ್ಲ. ಲಿನಕ್ಸ್‌ನಲ್ಲಿ lost+found ಒಳಗೆ # ಚಿಹ್ನೆಯ ಮುಂದೆ ಐನೋಡ್ ಸಂಖ್ಯೆ, ಅಂದರೆ ಕಡತದ ದಾಖಲೆ ಸಂಖ್ಯೆ, ಇರುತ್ತದೆ. ಅವುಗಳಲ್ಲಿ ಕೆಲವು ಫೋಲ್ಡರ್‌ಗಳಾಗಿದ್ದರೆ, ಹೊರಗಿನ ಹೆಸರು ಹೋಗಿದ್ದರೂ ಒಳಗಿನ ಕಡತಗಳ ಹೆಸರುಗಳು ಸರಿಯಾಗಿಯೇ ಇರುತ್ತವೆ. ಯಾವುದು ಯಾವ ಬಗೆಯ ಕಡತವೆಂದು ತಿಳಿಯಲು `file *` ಸಾಕು.

## ಎಲ್ಲವೂ ಸಿಕ್ಕಿದೆಯೇ ಎಂದು ತಿಳಿಯುವುದು ಹೇಗೆ?

ಕ್ಯಾನನ್‌ನ ಅನೇಕ ಮಾದರಿಗಳು, ಹಾಗೆಯೇ ಇನ್ನು ಕೆಲವು ಕ್ಯಾಮೆರಾಗಳು, ತಾವು ಕೊಟ್ಟ ಕ್ರಮಸಂಖ್ಯೆಯನ್ನು ಚಿತ್ರದ ಒಳಗೂ ಬರೆಯುತ್ತವೆ. 100-0412 ಎಂದು ಬಂದರೆ ಅದು 100ನೆಯ ಫೋಲ್ಡರಿನ IMG_0412.JPG ಎಂದೇ ಅರ್ಥ. ಹೀಗೆ ಮೂಲ ಹೆಸರನ್ನೇ ಮರಳಿ ಕೊಡಬಹುದು, ಅದಕ್ಕಿಂತ ಹೆಚ್ಚಾಗಿ, ಯಾವುದು ಸಿಕ್ಕಿಲ್ಲ ಎಂಬುದೂ ಕಾಣುತ್ತದೆ.

```
exiftool -r -T -FileNumber -FileName sorted
```

ಗೃಹಪ್ರವೇಶದ ಚಿತ್ರಗಳು 0650ಕ್ಕೆ ಮುಗಿದಿದ್ದವು, ಹೊಸ ಆರು ಚಿತ್ರಗಳು 0651ರಿಂದ 0656ರವರೆಗೆ ಇದ್ದವು. ಅದಕ್ಕೂ ಹಿಂದಿನ ಪ್ರವಾಸದ ಕೊನೆಯ ಚಿತ್ರ 0230. ಅಂದರೆ ಸಮಾರಂಭದಲ್ಲಿ 0231ರಿಂದ 420 ಚಿತ್ರಗಳಾಗಿದ್ದವು, ಸಿಕ್ಕವು 412. ಕಾಣದ ಎಂಟರಲ್ಲಿ ಏಳು ಸತತವಾಗಿ 0231ರಿಂದ 0237ರವರೆಗಿನವು. ಹೊಸ ಆರು ಚಿತ್ರಗಳ f-ಸಂಖ್ಯೆಗಳು ಇಡೀ ರಾಶಿಯಲ್ಲೇ ಅತಿ ಚಿಕ್ಕವಾಗಿದ್ದದ್ದರಿಂದ, ಕಾರ್ಡಿನ ಮೊದಲಲ್ಲಿದ್ದ ಈ ಏಳರ ಮೇಲೆಯೇ ಅವು ಕುಳಿತಿವೆ ಎಂಬುದು ಖಚಿತವಾಯಿತು. ಅವನ್ನು ಮತ್ತೆ ಹುಡುಕುವುದರಲ್ಲಿ ಅರ್ಥವಿರಲಿಲ್ಲ. ಎಂಟನೆಯದು ನಡುವಿನ ಒಂದು ಒಂಟಿ ಸಂಖ್ಯೆ. ಮಸುಕಾಗಿ ಬಂದಿತ್ತೆಂದು ಅದನ್ನು ಆಗಲೇ ಅಳಿಸಿದ್ದಾಗಿ ಚಿತ್ರ ತೆಗೆದ ಹುಡುಗ ನೆನಪಿಸಿಕೊಂಡ, ಮತ್ತು ಆ ಜಾಗದಲ್ಲಿ ಆಮೇಲಿನ ಚಿತ್ರವೊಂದು ಬಂದಿತ್ತು. ಈ ಲೆಕ್ಕ ಸರಿಹೊಂದಿದ ಮೇಲೆಯೇ ನಾನು ಕಾರ್ಡನ್ನು ಅವರಿಗೆ ಹಿಂತಿರುಗಿಸಿದೆ.